ಬಡ್ಡಿ ಬಿಗಿಯೋ ಸಡಿಲವೋ: ಕಣ್ಣಿಗೆ ಕಾಣದ ಒಂದು ದರದ ಲೆಕ್ಕ

2025ರ ಆಗಸ್ಟ್ 6ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 5.5ರಲ್ಲೇ ಬಿಟ್ಟರು. ಹೆಚ್ಚಿಸಲಿಲ್ಲ, ಇಳಿಸಲೂ ಇಲ್ಲ. ಆ ಹೊತ್ತಿಗೆ ಪ್ರಕಟವಾಗಿದ್ದ ಕೊನೆಯ ಹಣದುಬ್ಬರದ ಅಂಕಿ ಜೂನ್ ತಿಂಗಳದ್ದು, ಶೇ 2.1. ಹಣದುಬ್ಬರ ಇಷ್ಟು ಕಡಿಮೆ ಇರುವಾಗ ಬಡ್ಡಿ ಶೇ 5.5 ಎಂದರೆ ಜಾಸ್ತಿಯಾಯಿತು, ಇನ್ನೂ ಇಳಿಸಬೇಕಿತ್ತು ಎಂದು ಹಲವರು ಹೇಳಿದರು. ಆದರೆ ಅದೇ ದಿನ ರಿಸರ್ವ್ ಬ್ಯಾಂಕ್ ಇನ್ನೊಂದು ಅಂಕಿಯನ್ನೂ ಕೊಟ್ಟಿತ್ತು. 2026–27ರ ಮೊದಲ ತ್ರೈಮಾಸಿಕದಲ್ಲಿ, ಅಂದರೆ ಎಂಟು ಹತ್ತು ತಿಂಗಳ ನಂತರ, ಹಣದುಬ್ಬರ ಶೇ 4.9ಕ್ಕೆ ಏರಬಹುದು ಎಂಬ ಅಂದಾಜು ಅದು.

ಈಗ ಎರಡು ಕಳೆಯುವ ಲೆಕ್ಕ ಮಾಡಿ. 5.5ರಲ್ಲಿ 2.1 ಕಳೆದರೆ 3.4. 5.5ರಲ್ಲಿ 4.9 ಕಳೆದರೆ 0.6. ರೆಪೊ ಒಂದೇ, ದಿನವೂ ಒಂದೇ. ಮೊದಲ ಲೆಕ್ಕದ ಪ್ರಕಾರ ಬಡ್ಡಿ ಬಹಳ ಬಿಗಿ, ಅಂದರೆ ಸಾಲ ಮತ್ತು ಖರ್ಚಿಗೆ ತಡೆ ಹಾಕುವಷ್ಟು. ಎರಡನೆಯದರ ಪ್ರಕಾರ ಸಡಿಲ. ಎರಡರಲ್ಲಿ ಯಾವುದು ಸರಿ?

ಇದಕ್ಕೆ ಉತ್ತರ ಕೊಡಬೇಕಾದರೆ ಮೂರು ಸಂಗತಿ ಗೊತ್ತಿರಬೇಕು. ಯಾವ ಬಡ್ಡಿಯನ್ನು ನೋಡುವುದು, ಅದರಿಂದ ಯಾವ ಹಣದುಬ್ಬರವನ್ನು ಕಳೆಯುವುದು, ಬಂದ ಉತ್ತರವನ್ನು ಯಾವುದರ ಪಕ್ಕದಲ್ಲಿ ಇಟ್ಟು ನೋಡುವುದು. ಈ ಮೂರನೆಯದಕ್ಕೇ ತಟಸ್ಥ ನೈಜ ಬಡ್ಡಿದರ ಎಂದು ಹೆಸರು. ಚರ್ಚೆಯೆಲ್ಲ ಈ ಮೂರನೆಯದರ ಸುತ್ತಲೇ ನಡೆಯುತ್ತದೆ. ನಮ್ಮ ದೇಶದಲ್ಲಿ ದೊಡ್ಡ ತಪ್ಪು ಆಗುವುದು ಎರಡನೆಯದರಲ್ಲಿ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ನೈಜ ಬಡ್ಡಿ ಅಂದರೆ ಏನು

ದಾವಣಗೆರೆಯಲ್ಲಿ ಒಂದು ಅಕ್ಕಿ ಗಿರಣಿ ಇದೆ ಎಂದುಕೊಳ್ಳಿ. ಮಾಲೀಕರು ಶೇ 10ರ ಬಡ್ಡಿಗೆ 10 ಲಕ್ಷ ಸಾಲ ತಂದು ಭತ್ತ ಕೊಂಡು ಇಟ್ಟರು. ವರ್ಷ ಕಳೆದ ಮೇಲೆ ಬ್ಯಾಂಕಿಗೆ 11 ಲಕ್ಷ ಕೊಡಬೇಕು. ಅಷ್ಟರಲ್ಲಿ ಬೆಲೆ ಶೇ 5ರಷ್ಟು ಏರಿದ್ದರೆ ಅವರ ದಾಸ್ತಾನಿನ ಬೆಲೆ ಹತ್ತೂವರೆ ಲಕ್ಷ. ಅವರ ಮೇಲೆ ನಿಜವಾಗಿ ಬಿದ್ದ ಹೊರೆ 50 ಸಾವಿರ. ಬೆಲೆ ಏರದೆ ಇದ್ದಲ್ಲೇ ಇದ್ದರೆ ಹೊರೆ ಪೂರ್ತಿ ಒಂದು ಲಕ್ಷ. ಬ್ಯಾಂಕಿನ ಪತ್ರದಲ್ಲಿ ಬರೆದ ಬಡ್ಡಿ ಎರಡೂ ಸಲ ಶೇ 10. ಆದರೆ ಹೊರೆ ದುಪ್ಪಟ್ಟು.

ಬರೆದ ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆದರೆ ಸಿಗುವುದೇ ನೈಜ ಬಡ್ಡಿ. ಸಾಲ ಮಾಡಿ ಮನೆ ಕಟ್ಟಬೇಕೋ ಬೇಡವೋ, ಹೊಸ ಯಂತ್ರ ಹಾಕಬೇಕೋ ಕಾಯಬೇಕೋ, ಹಣವನ್ನು ಠೇವಣಿ ಇಡಬೇಕೋ ಖರ್ಚು ಮಾಡಬೇಕೋ ಎಂಬುದನ್ನೆಲ್ಲ ತೀರ್ಮಾನಿಸುವುದು ಇದು. ಜನ ಇದನ್ನು ಈ ಹೆಸರಿನಿಂದ ಕರೆಯದೇ ಇರಬಹುದು. ಲೆಕ್ಕ ಮಾತ್ರ ಹಾಕುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಗಿರಣಿಯ ಮಾಲೀಕರು ಸಾಲ ತರುವ ದಿನ ಮುಂದಿನ ವರ್ಷದ ಬೆಲೆ ಅವರಿಗೆ ಗೊತ್ತಿರುವುದಿಲ್ಲ. ಅವರು ಊಹಿಸಬೇಕು. ಪತ್ರಿಕೆಯಲ್ಲಿ ಬರುವ ಹಣದುಬ್ಬರದ ಅಂಕಿ ಕಳೆದ 12 ತಿಂಗಳಲ್ಲಿ ಏನಾಯಿತು ಎಂದು ಹೇಳುತ್ತದೆ. ಅವರಿಗೆ ಬೇಕಾದದ್ದು ಮುಂದಿನ 12 ತಿಂಗಳದ್ದು. ಹಾಗಾಗಿ ಕೇಂದ್ರ ಬ್ಯಾಂಕುಗಳು ನೈಜ ಬಡ್ಡಿ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಮುಂದಿನ ಹಣದುಬ್ಬರದ ಅಂದಾಜನ್ನೇ ಕಳೆಯುತ್ತವೆ. ತತ್ವ ಸರಿಯಾಗಿಯೇ ಇದೆ. ತೊಂದರೆ ಬರುವುದು ಆ ಅಂದಾಜು ತಪ್ಪಿದಾಗ.

ಬಾವಿಯ ಒರತೆ

ತಟಸ್ಥ ದರಕ್ಕೆ ಬರೋಣ. ಒಂದು ತೋಟದ ಬಾವಿ ನೆನಪಿಸಿಕೊಳ್ಳಿ. ಕೆಳಗೆ ಒರತೆ ಇದೆ, ಮೇಲೆ ಪಂಪು ಇದೆ. ಒರತೆ ಎಷ್ಟು ನೀರು ಕೊಡುತ್ತದೋ ಅಷ್ಟನ್ನೇ ಪಂಪು ಎತ್ತಿದರೆ ಬಾವಿಯ ಮಟ್ಟ ಹಾಗೇ ನಿಲ್ಲುತ್ತದೆ. ಜಾಸ್ತಿ ಎತ್ತಿದರೆ ಮಟ್ಟ ಕುಸಿಯುತ್ತದೆ. ಕಡಿಮೆ ಎತ್ತಿದರೆ ನೀರು ಉಳಿಯುತ್ತದೆ, ಗಿಡ ಒಣಗುತ್ತವೆ. ಒರತೆಯ ವೇಗವನ್ನು ಯಾರೂ ಕಣ್ಣಿನಿಂದ ನೋಡಲಾರರು. ಕಾಣುವುದು ಪಂಪಿನ ವಾಲ್ವು ಮತ್ತು ನೀರಿನ ಮಟ್ಟ, ಎರಡೇ. ಮಟ್ಟ ಏರಿತೋ ಇಳಿಯಿತೋ ಎಂದು ನೋಡಿ ವಾಲ್ವು ಎಷ್ಟು ತಿರುಗಿಸಿದರೆ ಸರಿ ಎಂದು ಅಂದಾಜು ಮಾಡಬೇಕು.

ಅರ್ಥವ್ಯವಸ್ಥೆಯಲ್ಲಿ ಒರತೆ ಎಂದರೆ ಅದು ಸಹಜವಾಗಿ ಉತ್ಪಾದಿಸಬಲ್ಲಷ್ಟು. ಎತ್ತುವ ನೀರು ಜನರ, ಉದ್ಯಮಗಳ, ಸರ್ಕಾರದ ಖರ್ಚು. ಬಡ್ಡಿ ಆ ವಾಲ್ವು. ಖರ್ಚು ಮತ್ತು ಉತ್ಪಾದನೆಯ ಶಕ್ತಿ ಸಮನಾಗಿ, ಹಣದುಬ್ಬರ ಗುರಿಯಲ್ಲೇ ನಿಲ್ಲುವಂತೆ ಮಾಡುವ ನೈಜ ಬಡ್ಡಿಯೇ ತಟಸ್ಥ ದರ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಕ್ನುಟ್ ವಿಕ್ಸೆಲ್ 1898ರಲ್ಲೇ ಇದರ ಮೂಲ ವಿಚಾರ ಹೇಳಿದ್ದರು. ಸಹಜ ದರಕ್ಕಿಂತ ಸಾಲದ ಬಡ್ಡಿ ಕೆಳಗಿದ್ದರೆ ಬೆಲೆಗಳು ಏರುತ್ತಾ ಹೋಗುತ್ತವೆ, ಮೇಲಿದ್ದರೆ ಇಳಿಯುತ್ತಾ ಹೋಗುತ್ತವೆ ಎಂದು.

ಇವತ್ತು ಇದನ್ನು ಅಳೆಯುವ ರೀತಿ ಬಹುಮಟ್ಟಿಗೆ ಬಂದದ್ದು ಥಾಮಸ್ ಲೌಬಾಕ್ ಮತ್ತು ಜಾನ್ ವಿಲಿಯಮ್ಸ್ ಎಂಬ ಇಬ್ಬರು ಅಮೆರಿಕದಲ್ಲಿ 2003ರಲ್ಲಿ ಪ್ರಕಟಿಸಿದ ಕೆಲಸದಿಂದ. ಗಣಿತ ಕಷ್ಟ, ತರ್ಕ ಸುಲಭ. ನೈಜ ಬಡ್ಡಿ ಶೇ 2 ಇತ್ತು, ಆದರೂ ಬೇಡಿಕೆ ಕುದುರಿತು, ಹಣದುಬ್ಬರ ಏರಿತು ಎಂದಾದರೆ ತಟಸ್ಥ ದರ ಶೇ 2ಕ್ಕಿಂತ ಮೇಲಿರಬೇಕು. ಅದೇ ಶೇ 2ರಲ್ಲಿ ಬೆಳವಣಿಗೆ ಸೊರಗಿ ಬೆಲೆಗಳು ತಣ್ಣಗಾದರೆ ತಟಸ್ಥ ದರ ಅದಕ್ಕಿಂತ ಕೆಳಗಿರಬೇಕು. ಪ್ರತಿ ತ್ರೈಮಾಸಿಕದ ಹೊಸ ಅಂಕಿ ಬಂದಂತೆ ಮಾದರಿ ತನ್ನ ಅಂದಾಜನ್ನು ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತದೆ. ಬಾವಿಯ ಮಟ್ಟ ನೋಡಿ ಒರತೆ ಊಹಿಸುವುದು ಅಂದರೆ ಇದೇ ಅಲ್ವಾ?

ಬಾವಿಗೆ ಮಳೆ ನೀರೂ ಬೀಳುತ್ತದೆ ಎಂಬುದನ್ನು ಮರೆಯಬಾರದು. ಮಟ್ಟ ಬದಲಾದದ್ದು ಪಂಪಿನಿಂದಲೋ ಮಳೆಯಿಂದಲೋ ಎಂದು ಬೇರ್ಪಡಿಸಲು ಆಗದಿದ್ದರೆ ಒರತೆಯ ಅಂದಾಜು ಕೆಟ್ಟುಹೋಗುತ್ತದೆ. ಭಾರತದಲ್ಲಿ ಈ ಮಳೆ ಎಂದರೆ ಆಹಾರದ ಬೆಲೆ.

ಆ ದರ ನಿಂತಲ್ಲಿ ನಿಲ್ಲುವುದೂ ಇಲ್ಲ. ಅಮೆರಿಕದ ಫೆಡರಲ್ ರಿಸರ್ವ್‌ನ ಅಧಿಕಾರಿಗಳು 2012ರಲ್ಲಿ ತಮ್ಮ ಬಡ್ಡಿ ದೀರ್ಘಕಾಲದಲ್ಲಿ ಶೇ 4ಕ್ಕೂ ಸ್ವಲ್ಪ ಮೇಲೆ ನಿಲ್ಲುತ್ತದೆ ಎಂದು ಅಂದಾಜಿಸಿದ್ದರು. 2019ರ ಹೊತ್ತಿಗೆ ಆ ಅಂದಾಜು ಶೇ 2.5ಕ್ಕೆ ಬಂದಿತ್ತು. ಅವರ ಹಣದುಬ್ಬರದ ಗುರಿ ಶೇ 2. ಅದನ್ನು ಕಳೆದರೆ ತಟಸ್ಥ ನೈಜ ದರ ಎರಡು ಶೇಕಡಾಕ್ಕೂ ಜಾಸ್ತಿ ಇದ್ದದ್ದು ಅರ್ಧ ಶೇಕಡಾಕ್ಕೆ ಇಳಿದ ಹಾಗಾಯಿತು. ಇಂಥ ದಿನ ಇಳಿಯಿತು ಎಂದು ಯಾರೂ ಹೇಳಲಾರರು. ಫೆಡ್ ಅಧ್ಯಕ್ಷರಾಗಿದ್ದಾಗ ಜೆರೋಮ್ ಪೊವೆಲ್ ಈ ದರ ಅದು ಮಾಡುವ ಕೆಲಸದಿಂದ ಮಾತ್ರ ನಮಗೆ ತಿಳಿಯುತ್ತದೆ ಎಂಬ ಅರ್ಥದ ಮಾತನ್ನು ಹೇಳಿದ್ದರು. ಅದು ಪೂರ್ತಿ ಸರಿ.

ನಮ್ಮ ಅಂದಾಜುಗಳ ಕಥೆ

ಭಾರತದಲ್ಲಿ ರಘುರಾಂ ರಾಜನ್ ಗವರ್ನರ್ ಆಗಿದ್ದಾಗ ನೈಜ ಬಡ್ಡಿ ಶೇ 1.5ರಿಂದ 2ರ ನಡುವೆ ಇರಬೇಕು ಎಂದು ಹೇಳುತ್ತಿದ್ದರು. ಅವರ ನಂತರ ಬಂದ ಊರ್ಜಿತ್ ಪಟೇಲ್ 2016ರ ಅಕ್ಟೋಬರ್‌ನಲ್ಲಿ, ರೆಪೊ ನಿರ್ಧರಿಸುವ ಹಣಕಾಸು ನೀತಿ ಸಮಿತಿಯ ಮೊತ್ತಮೊದಲ ಸಭೆ ಮುಗಿದಾಗ, ಅದು ಶೇ 1.25ರ ಹತ್ತಿರ ಇದ್ದರೆ ಸಾಕು ಎಂದರು. ಆ ಸಭೆಯಲ್ಲಿ ರೆಪೊ ಶೇ 6.5ರಿಂದ 6.25ಕ್ಕೆ ಇಳಿಯಿತು. ಕಾಣದ ಒಂದು ಅಂಕಿಯ ಬಗ್ಗೆ ಅಭಿಪ್ರಾಯ ಸ್ವಲ್ಪ ಬದಲಾದರೂ ಬಡ್ಡಿ ಇಳಿಸಲು ಜಾಗ ಸಿಗುತ್ತದೆ ಎಂಬುದು ಅವತ್ತೇ ಗೊತ್ತಾಯಿತು.

ಕೋವಿಡ್ ಬಂದ ಮೇಲೆ ಆ ಅಂದಾಜು ಕೆಳಗಿಳಿಯಿತು. 2021–22ರ ಮೂರನೇ ತ್ರೈಮಾಸಿಕಕ್ಕೆ ಅದು ಶೇ 0.8ರಿಂದ 1ರ ನಡುವೆ ಇದೆ ಎಂದು ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿ 2022ರಲ್ಲಿ ಬಂದ ಲೇಖನ ಹೇಳಿತು. 2024ರ ಜುಲೈನಲ್ಲಿ ಇನ್ನೊಂದು ಲೇಖನ ಬಂತು. 2023–24ರ ಕೊನೆಯ ತ್ರೈಮಾಸಿಕಕ್ಕೆ ಅದು ಶೇ 1.4ರಿಂದ 1.9ಕ್ಕೆ ಏರಿದೆ ಎಂದು. ಕೋವಿಡ್ ನಂತರ ದೇಶದ ಉತ್ಪಾದನೆಯ ಶಕ್ತಿ ಚೇತರಿಸಿಕೊಂಡಿತು, ಅದಕ್ಕೇ ದರವೂ ಏರಿತು ಎಂಬುದು ವಾದ.

ಇಲ್ಲಿ ಎಚ್ಚರ ಬೇಕು. 1.4ರಿಂದ 1.9 ಎಂದರೆ ನಿಜವಾದ ಉತ್ತರ ಇದರೊಳಗೇ ಇದೆ ಎಂಬ ಖಾತರಿ ಅಲ್ಲ. ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಲೆಕ್ಕ ಹಾಕಿದಾಗ ಬಂದ ಉತ್ತರಗಳು ಅಲ್ಲಿಂದ ಇಲ್ಲಿಯವರೆಗೆ ಹರಡಿವೆ ಎಂದಷ್ಟೇ ಅರ್ಥ. ಒಂದೊಂದು ಉತ್ತರದ ಸುತ್ತಲೂ ಅದರದೇ ಅನಿಶ್ಚಿತತೆ ಇರುತ್ತದೆ. ಅಮೆರಿಕದಂಥ ದೇಶದಲ್ಲಿ, ಹಲವು ದಶಕಗಳ ಒಳ್ಳೆಯ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಂದಾಜು ಕೂಡ ಒಂದು ಶೇಕಡಾಕ್ಕಿಂತ ಹೆಚ್ಚು ಆಚೀಚೆ ಆಗಬಹುದು. ನಮ್ಮ ಜಿಡಿಪಿ ಅಂಕಿಗಳು ಬಂದ ಮೇಲೆ ಹಲವು ಸಲ ಪರಿಷ್ಕರಣೆ ಆಗುತ್ತವೆ. ಸಣ್ಣ ಅಂಗಡಿ, ಕೂಲಿ, ಕೃಷಿಯ ದೊಡ್ಡ ಭಾಗ ಅಂದಾಜಿನ ಮೇಲೆಯೇ ನಿಂತಿದೆ. ಇಲ್ಲಿ ಖಚಿತತೆ ಇನ್ನೂ ಕಡಿಮೆ.

ಈ ಎರಡು ಅಂದಾಜುಗಳ ವ್ಯತ್ಯಾಸದಿಂದ ಏನಾಗುತ್ತದೆ ಎಂದು 2024ರ ಆಗಸ್ಟ್ ಸಭೆಯಲ್ಲಿ ಕಾಣಬಹುದು. ರೆಪೊ ಶೇ 6.5. ಮುಂದಿನ ವರ್ಷದ ಮೊದಲ ತ್ರೈಮಾಸಿಕಕ್ಕೆ ರಿಸರ್ವ್ ಬ್ಯಾಂಕ್ ಅಂದಾಜಿಸಿದ್ದ ಹಣದುಬ್ಬರ ಶೇ 4.4. ಅಂದರೆ ನೈಜ ಬಡ್ಡಿ 2.1. ತಟಸ್ಥ ದರ 1 ಎಂದರೆ ನೀತಿ ಒಂದು ಶೇಕಡಾಕ್ಕೂ ಹೆಚ್ಚು ಬಿಗಿ. 1.9 ಎಂದರೆ ಬಿಗಿ ಹೆಸರಿಗಷ್ಟೇ. ಸಮಿತಿಯ ಹೊರಗಿನ ಸದಸ್ಯರಾಗಿದ್ದ ಜಯಂತ್ ವರ್ಮಾ ಮತ್ತು ಆಶಿಮಾ ಗೋಯಲ್ ಬಡ್ಡಿ ಇಳಿಸಬೇಕು ಎಂದು ಮತ ಹಾಕಿದರು. ಹಣದುಬ್ಬರವನ್ನು ಗುರಿಗೆ ತರಲು ಇಷ್ಟು ಎತ್ತರದ ನೈಜ ಬಡ್ಡಿ ಬೇಕಿಲ್ಲ, ಇದರಿಂದ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ ಎಂಬುದು ವರ್ಮಾ ಅವರ ಬಹುದಿನದ ವಾದವಾಗಿತ್ತು. ಉಳಿದ ನಾಲ್ವರು ಒಪ್ಪಲಿಲ್ಲ. ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರಿಗೆ ತಟಸ್ಥ ದರವೆಂಬುದೇ ಬರೀ ಸಿದ್ಧಾಂತದ ಮಾತು, ಅದನ್ನು ಹಿಡಿದು ನೀತಿ ಮಾಡಲು ಆಗದು ಎಂಬ ನಿಲುವಿತ್ತು.

ಆಮೇಲೆ ಏನಾಯಿತು? ಮೊದಲ ಕೆಲವು ತಿಂಗಳು ದಾಸ್ ಅವರ ಎಚ್ಚರಿಕೆಯೇ ಸರಿ ಎನಿಸಿತು. 2024ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 6.2 ಮುಟ್ಟಿತು. ಅದೇ ಸಮಯಕ್ಕೆ ಜುಲೈ–ಸೆಪ್ಟೆಂಬರ್ ಬೆಳವಣಿಗೆ ಶೇ 5.4 ಎಂಬ ಅಂಕಿಯೂ ಬಂತು. ಅದು ವರ್ಮಾ ಅವರ ಕಡೆಗೆ ವಾಲುವ ಸಾಕ್ಷಿ. ಆ ಮೇಲೆ ತರಕಾರಿ ಬೆಲೆ ಬಿದ್ದಿತು, ಹಣದುಬ್ಬರ ತಿಂಗಳು ತಿಂಗಳು ಇಳಿಯುತ್ತಾ ಹೋಯಿತು. 2025ರ ಆಗಸ್ಟ್‌ನ ಹಣದುಬ್ಬರ ಶೇ 2.1. ಅಂದರೆ 2024ರ ಆಗಸ್ಟ್‌ನಿಂದ 2025ರ ಆಗಸ್ಟ್‌ವರೆಗೆ ಬೆಲೆಗಳು ಒಟ್ಟಾರೆ ಏರಿದ್ದು ಅಷ್ಟೇ. ಸಭೆಯಲ್ಲಿ ಕೂತವರು ನೈಜ ಬಡ್ಡಿ 2.1 ಎಂದುಕೊಂಡಿದ್ದರು. ಆ ವರ್ಷ ನಿಜವಾಗಿ ಆದದ್ದು 6.5ರಲ್ಲಿ 2.1 ಕಳೆದರೆ ಬರುವ 4.4!

ಇದನ್ನು ನಾನು ಯಾರನ್ನೋ ದೂರಲು ಹೇಳುತ್ತಿಲ್ಲ. ಮುಂದಿನ ವರ್ಷದ ಟೊಮೆಟೊ ಬೆಲೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಎರಡು ತಪ್ಪುಗಳ ಗಾತ್ರ ಹೋಲಿಸಿ ನೋಡಿ. ತಟಸ್ಥ ದರ 1 ಇದೆಯೋ 1.9 ಇದೆಯೋ ಎಂಬ ಜಗಳದಲ್ಲಿ ಇರುವುದು ಒಂದು ಶೇಕಡಾದಷ್ಟು ವ್ಯತ್ಯಾಸ. ಹಣದುಬ್ಬರದ ಅಂದಾಜು ತಪ್ಪಿದ್ದರಿಂದ ಆದ ವ್ಯತ್ಯಾಸ ಎರಡು ಶೇಕಡಾಕ್ಕೂ ಹೆಚ್ಚು. ನಾವು ಚರ್ಚೆ ಮಾಡಿದ್ದು ಸಣ್ಣ ತಪ್ಪಿನ ಬಗ್ಗೆ. ಆ ವರ್ಷ ಸಾಲ ತೀರಿಸಿದವರು ಹೊತ್ತದ್ದು ದೊಡ್ಡ ತಪ್ಪಿನ ಭಾರವನ್ನು.

ಕೋಲಾರದ ಟೊಮೆಟೊ

ಆಹಾರದ ಬೆಲೆ ಈ ಲೆಕ್ಕವನ್ನು ಎಷ್ಟು ಅಲ್ಲಾಡಿಸಬಲ್ಲದು ಎಂಬುದಕ್ಕೆ ನಮ್ಮ ಕಣ್ಣ ಮುಂದೆಯೇ ನಡೆದ ಉದಾಹರಣೆ 2023ರ ಜುಲೈ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಆ ವರ್ಷ ಬಿಳಿ ನೊಣ ಹರಡುವ ವೈರಸ್ ರೋಗದಿಂದ ಬೆಳೆ ಹಾಳಾಗಿತ್ತು, ಬೇರೆ ರಾಜ್ಯಗಳಲ್ಲಿ ಮಳೆಯಿಂದ ಬೆಳೆ ಕೊಚ್ಚಿಹೋಗಿತ್ತು. ಕಿಲೋ ಟೊಮೆಟೊ ನೂರು ರೂಪಾಯಿ ದಾಟಿತು. ಜೂನ್‌ನಲ್ಲಿ ಶೇ 4.9 ಇದ್ದ ದೇಶದ ಚಿಲ್ಲರೆ ಹಣದುಬ್ಬರ ಜುಲೈಯಲ್ಲಿ ಶೇ 7.4ಕ್ಕೆ ಜಿಗಿಯಿತು.

ರೆಪೊ ಆಗಲೂ ಶೇ 6.5. ಆಯಾ ತಿಂಗಳ ಹಣದುಬ್ಬರವನ್ನೇ ಕಳೆದರೆ ಜೂನ್‌ನಲ್ಲಿ ನೈಜ ಬಡ್ಡಿ 1.6, ಜುಲೈಯಲ್ಲಿ ಸೊನ್ನೆಗಿಂತ 0.9 ಕೆಳಗೆ, ಸೆಪ್ಟೆಂಬರ್‌ನಲ್ಲಿ ಮತ್ತೆ 1.5. ಒಂದು ತಿಂಗಳಿಗೆ ನೀತಿ ವಿಪರೀತ ಸಡಿಲವಾಗಿ, ಎರಡು ತಿಂಗಳಲ್ಲಿ ಮತ್ತೆ ಬಿಗಿಯಾಯಿತೇ? ಖಂಡಿತ ಇಲ್ಲ. ಟೊಮೆಟೊ ದುಬಾರಿಯಾಯಿತೆಂದು ಯಾರೂ ಸಾಲ ಮಾಡಿ ಕಾರು ಕೊಳ್ಳಲು ಓಡಲಿಲ್ಲ. ಬಾವಿಗೆ ಬಿದ್ದ ಮಳೆ ಅದು, ಪಂಪಿನ ಕೆಲಸ ಅಲ್ಲ.

2012ನ್ನು ಆಧಾರ ವರ್ಷ ಮಾಡಿಕೊಂಡ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ 46ರ ಹತ್ತಿರ. ಅದಕ್ಕೇ ಈ ಜಿಗಿತ ಅಷ್ಟು ದೊಡ್ಡದು. ಹಾಗಾದರೆ ಆಹಾರ, ಇಂಧನ ಬಿಟ್ಟು ಉಳಿದದ್ದರ ಹಣದುಬ್ಬರವನ್ನು, ಅಂದರೆ ಕೋರ್ ಹಣದುಬ್ಬರವನ್ನು ಕಳೆಯಬಹುದಲ್ಲ ಎಂದು ಕೇಳಬಹುದು. ಒಳ್ಳೆಯ ದಾರಿ. ಆದರೆ 2025ರಲ್ಲಿ ಅದೂ ಕೈಕೊಟ್ಟಿತು. ಆ ವರ್ಷದ ಬಹುಭಾಗ ಕೋರ್ ಹಣದುಬ್ಬರ ಶೇ 4ರ ಮೇಲೆಯೇ ಇತ್ತು. ಕಾರಣ ಹುಡುಕಿದರೆ ಅದರೊಳಗೆ ಚಿನ್ನ ಕೂತಿತ್ತು. ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನ ಏರಿದ್ದಕ್ಕೂ ನಮ್ಮ ರೆಪೊ ದರಕ್ಕೂ ಸಂಬಂಧ ಅಷ್ಟಕ್ಕಷ್ಟೇ. ಚಿನ್ನವನ್ನು ತೆಗೆದು ನೋಡಿದರೆ ಅಕ್ಟೋಬರ್ ಹೊತ್ತಿಗೆ ಉಳಿದದ್ದು ಸುಮಾರು ಶೇ 2.6. ನನ್ನ ಮಟ್ಟಿಗೆ ಆ ವರ್ಷ ನಂಬಬೇಕಾಗಿದ್ದ ಅಂಕಿ ಇದು. ತರಕಾರಿಯೂ ಇಲ್ಲ, ಚಿನ್ನವೂ ಇಲ್ಲ. ದೇಶದೊಳಗಿನ ಬೇಡಿಕೆ ಬೆಲೆಗಳನ್ನು ಎಷ್ಟು ಎಳೆಯುತ್ತಿದೆ ಎಂಬುದಕ್ಕೆ ಹತ್ತಿರದ ಸೂಚನೆ.

ಏನೂ ಮಾಡದೆ ಬಿಗಿಯಾದ ನೀತಿ

ಈಗ ಮೊದಲಿನ ಪ್ರಶ್ನೆಗೆ ಹೋಗೋಣ. 2025ರ ಫೆಬ್ರುವರಿಯಿಂದ ರಿಸರ್ವ್ ಬ್ಯಾಂಕ್ ರೆಪೊ ಇಳಿಸಲು ಶುರು ಮಾಡಿತ್ತು. ಫೆಬ್ರುವರಿಯಲ್ಲಿ ಶೇ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ ಒಮ್ಮೆಲೇ ಅರ್ಧ ಶೇಕಡಾ ಇಳಿಸಿ 5.5. ಆಗಸ್ಟ್‌ನಲ್ಲಿ, ಅಕ್ಟೋಬರ್‌ನಲ್ಲಿ ಮುಟ್ಟಲಿಲ್ಲ. ಆ ಎರಡು ಸಭೆಗಳಲ್ಲಿ ರೆಪೊ ಒಂದಿಷ್ಟೂ ಅಲುಗಲಿಲ್ಲ. ನೈಜ ಬಡ್ಡಿ ಮಾತ್ರ ಅಲುಗಿತು.

2026–27ರ ಮೊದಲ ತ್ರೈಮಾಸಿಕದ ಹಣದುಬ್ಬರಕ್ಕೆ ರಿಸರ್ವ್ ಬ್ಯಾಂಕ್ ಕೊಟ್ಟ ಅಂದಾಜು ಆಗಸ್ಟ್‌ನಲ್ಲಿ ಶೇ 4.9. ಅಕ್ಟೋಬರ್‌ನಲ್ಲಿ ಅದೇ ತ್ರೈಮಾಸಿಕಕ್ಕೆ 4.5. ಡಿಸೆಂಬರ್‌ನಲ್ಲಿ 3.9. ಜಿಎಸ್‌ಟಿ ಕಡಿತ, ಒಳ್ಳೆಯ ಬೆಳೆ, ಬಿದ್ದ ತರಕಾರಿ ಬೆಲೆ ಎಲ್ಲ ಸೇರಿ ಅಂದಾಜು ಇಳಿಯುತ್ತಾ ಬಂತು. 5.5ರಿಂದ ಇವನ್ನು ಕಳೆಯಿರಿ. ಆಗಸ್ಟ್‌ನಲ್ಲಿ ನೈಜ ಬಡ್ಡಿ 0.6. ಅಕ್ಟೋಬರ್‌ನಲ್ಲಿ 1. ಡಿಸೆಂಬರ್ ಸಭೆಗೆ ಕೂರುವಾಗ 1.6. ನಾಲ್ಕು ತಿಂಗಳಲ್ಲಿ ನೀತಿ ಒಂದು ಶೇಕಡಾ ಬಿಗಿಯಾಯಿತು, ಯಾರೂ ಕೈ ಹಾಕದೆಯೇ.

ರೆಪೊ ಬದಲಾಗಲಿಲ್ಲ ಎಂದರೆ ನೀತಿ ಬದಲಾಗಲಿಲ್ಲ ಎಂದು ಸುದ್ದಿಯಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ಹಣದುಬ್ಬರದ ನಿರೀಕ್ಷೆ ಇಳಿಯುತ್ತಿರುವಾಗ ಸುಮ್ನೆ ಕೂತರೆ ಅದೂ ಒಂದು ಬಿಗಿತವೇ. ಡಿಸೆಂಬರ್ 5ರಂದು ರೆಪೊವನ್ನು ಶೇ 5.25ಕ್ಕೆ ಇಳಿಸಿದರು. ನೈಜ ಬಡ್ಡಿ 1.35ಕ್ಕೆ ಬಂತು. ಅಂದರೆ ಆ ಕಡಿತ ಅಷ್ಟು ದಿನದಲ್ಲಿ ತಾನಾಗಿ ಬಂದಿದ್ದ ಬಿಗಿತದಲ್ಲಿ ಕಾಲು ಭಾಗವನ್ನಷ್ಟೇ ವಾಪಸ್ ತೆಗೆಯಿತು.

ಇದೇ ಜಾಗದಲ್ಲಿ ಒಂದು ಗೊಂದಲ ಬಿಡಿಸಬೇಕು. ರಿಸರ್ವ್ ಬ್ಯಾಂಕ್ ತನ್ನ ನಿಲುವು ತಟಸ್ಥ ಎಂದು 2025ರ ಜೂನ್‌ನಿಂದ ಹೇಳುತ್ತಿದೆ. ಅದಕ್ಕೂ ತಟಸ್ಥ ದರಕ್ಕೂ ಸಂಬಂಧವಿಲ್ಲ. ನಿಲುವು ತಟಸ್ಥ ಎಂದರೆ ಮುಂದಿನ ಸಭೆಯಲ್ಲಿ ಬಡ್ಡಿ ಮೇಲೂ ಹೋಗಬಹುದು, ಕೆಳಗೂ ಬರಬಹುದು ಎಂದಷ್ಟೇ. ಬಡ್ಡಿ ತಟಸ್ಥ ಮಟ್ಟದಲ್ಲಿದೆ ಎಂದು ಅಲ್ಲ. ಒಂದೇ ಪದ ಎರಡು ಕಡೆ ಬಳಕೆಯಾಗುವುದರಿಂದ ಓದುವವರು ತಪ್ಪು ತಿಳಿಯುತ್ತಾರೆ.

ಮತ್ತೆ ಯಾವ ಬಡ್ಡಿ?

ಇಷ್ಟು ಹೊತ್ತು ರೆಪೊವನ್ನೇ ಹಿಡಿದುಕೊಂಡಿದ್ದೇವೆ. ಆದರೆ ರೆಪೊಗೆ ಸಾಲ ಪಡೆಯುವವರು ಬ್ಯಾಂಕುಗಳು, ನಾವಲ್ಲ. 2025ರ ಜನವರಿಯಲ್ಲಿ ಬ್ಯಾಂಕುಗಳ ಬಳಿ ನಗದು ಎಷ್ಟು ಕಡಿಮೆಯಾಗಿತ್ತೆಂದರೆ ಕೊರತೆ ಒಂದು ಹಂತದಲ್ಲಿ 3 ಲಕ್ಷ ಕೋಟಿ ದಾಟಿತ್ತು. ಆಗ ರೆಪೊ ಹೇಳುತ್ತಿದ್ದುದಕ್ಕಿಂತ ನಿಜವಾದ ಸ್ಥಿತಿ ಬಿಗಿಯಾಗಿತ್ತು. ಜೂನ್‌ನಲ್ಲಿ ಇದರ ಉಲ್ಟಾ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲನ್ನು ಶೇ 4ರಿಂದ 3ಕ್ಕೆ ಇಳಿಸುವ ತೀರ್ಮಾನವಾಯಿತು. ನಗದು ಧಾರಾಳವಾಯಿತು.

ಆದರೂ ಸರ್ಕಾರದ ಹತ್ತು ವರ್ಷದ ಸಾಲಪತ್ರದ ಬಡ್ಡಿ ಜೂನ್ ಆರಂಭದಲ್ಲಿ ಶೇ 6.2ರ ಆಸುಪಾಸು ಇದ್ದದ್ದು ಆಗಸ್ಟ್ ಕೊನೆಗೆ 6.6ರ ಹತ್ತಿರ ಬಂತು. ರೆಪೊ ಇಳಿದ ಮೇಲೆ ಉದ್ದ ಅವಧಿಯ ಬಡ್ಡಿ ಏರಿತು. ಇನ್ನು ಕಡಿತ ಇರಲಿಕ್ಕಿಲ್ಲ ಎಂದು ಮಾರುಕಟ್ಟೆ ಅಂದುಕೊಂಡದ್ದು ಅದಕ್ಕೊಂದು ಕಾರಣ. ಹತ್ತಿಪ್ಪತ್ತು ವರ್ಷದ ಯೋಜನೆ ಹಾಕುವವರಿಗೆ ಮುಖ್ಯವಾಗುವುದು ಈ ಬಡ್ಡಿ.

ಇನ್ನೊಂದು ಹೋಲಿಕೆ ನನಗೆ ಬಹಳ ಉಪಯುಕ್ತ ಅನಿಸುತ್ತದೆ. 2025ರ ಜುಲೈ–ಸೆಪ್ಟೆಂಬರ್‌ನಲ್ಲಿ ಜಿಡಿಪಿ ಶೇ 8.2 ಬೆಳೆಯಿತು. ಇಂಥ ಬೆಳವಣಿಗೆ ಇರುವಾಗ ಬಡ್ಡಿ ಬಿಗಿ ಎಂದು ಹೇಗೆ ಹೇಳುವುದು ಎಂದು ಹಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಬೆಲೆ ಏರಿಕೆಯನ್ನೂ ಸೇರಿಸಿ ರೂಪಾಯಿಯಲ್ಲಿ ಲೆಕ್ಕ ಹಾಕಿದ ಬೆಳವಣಿಗೆ ಅದೇ ತ್ರೈಮಾಸಿಕದಲ್ಲಿ ಶೇ 8.7 ಮಾತ್ರ. ಸಾಲದ ಕಂತು ಕಟ್ಟುವುದು ರೂಪಾಯಿಯಲ್ಲಿ. ಆಗ ಬ್ಯಾಂಕುಗಳ ಹಳೆಯ ಸಾಲಗಳ ಸರಾಸರಿ ಬಡ್ಡಿ ಶೇ 9ರ ಆಸುಪಾಸು. ದೇಶದ ರೂಪಾಯಿ ಆದಾಯ ಬೆಳೆಯುವ ವೇಗಕ್ಕಿಂತ ಸಾಲದ ಬಡ್ಡಿ ಸ್ವಲ್ಪ ಮೇಲೆಯೇ ಇದ್ದರೆ, ಸಾಲ ಹೊತ್ತವರಿಗೆ ಅದು ಸಡಿಲ ಎನಿಸುವುದಿಲ್ಲ. ನಾನು ಡಿಸೆಂಬರ್ ಕಡಿತವನ್ನು ಸರಿ ಎಂದು ಒಪ್ಪುವುದು ಮುಖ್ಯವಾಗಿ ಈ ಲೆಕ್ಕದಿಂದ ಮತ್ತು ಚಿನ್ನ ಬಿಟ್ಟ ಕೋರ್ ಅಂಕಿಯಿಂದ. 1.35 ಎಂಬುದು ತಟಸ್ಥ ದರದ ಅಂದಾಜಿನ ಕೆಳಗಿನ ಗೆರೆಯಾದ 1.4ರ ಹತ್ತಿರ ಬಂತು ಎಂಬ ಕಾರಣದಿಂದ ಅಲ್ಲ.

ತಟಸ್ಥ ದರ ಯಾವುದಕ್ಕೂ ಬಾರದ ಲೆಕ್ಕ ಎಂದು ನಾನು ಹೇಳುವುದಿಲ್ಲ. ನೈಜ ಬಡ್ಡಿ ಸೊನ್ನೆಗಿಂತ ಬಹಳ ಕೆಳಗಿದ್ದರೆ ಅಥವಾ ಮೂರು ದಾಟಿದ್ದರೆ ಅದು ಖಂಡಿತ ಎಚ್ಚರಿಸುತ್ತದೆ. ಕೋವಿಡ್ ವರ್ಷ 2020–21ರಲ್ಲಿ ರೆಪೊ ಶೇ 4, ಹಣದುಬ್ಬರ ಸರಾಸರಿ 6.2. ಯಾವ ಅಂದಾಜು ಹಿಡಿದರೂ ನೀತಿ ಸಡಿಲ ಎಂದೇ ಉತ್ತರ ಬರುತ್ತದೆ. ಅವತ್ತು ಬೇಕಾಗಿದ್ದದ್ದೂ ಅದೇ. ನೈಜ ಬಡ್ಡಿ ಒಂದೋ ಎರಡೋ ಎಂಬ ಜಾಗದಲ್ಲಿ ಮಾತ್ರ ಅದು ಉತ್ತರ ಕೊಡಲಾರದು. ನಾವು ಸಾಮಾನ್ಯವಾಗಿ ಇರುವುದೇ ಆ ಜಾಗದಲ್ಲಿ.

ಹಾಗಾಗಿ ಮುಂದಿನ ಸಭೆಗಳ ಸುದ್ದಿ ಬಂದಾಗ ನಾನು ಮೊದಲು ನೋಡುವುದು ರೆಪೊವನ್ನಲ್ಲ. ಮುಂದಿನ ತ್ರೈಮಾಸಿಕಗಳ ಹಣದುಬ್ಬರದ ಅಂದಾಜು ಕಳೆದ ಸಭೆಯದಕ್ಕಿಂತ ಏರಿದೆಯೋ ಇಳಿದಿದೆಯೋ ಎಂಬುದನ್ನು. 2026–27ರ ಮೊದಲ ತ್ರೈಮಾಸಿಕಕ್ಕೆ ಹೇಳಿದ 3.9 ನಿಜವಾಗಿ 3ಕ್ಕೆ ಬಂದು ನಿಂತರೆ, 5.25ರ ರೆಪೊದ ನೈಜ ಬಡ್ಡಿ 2.25 ಆಗುತ್ತದೆ, ತಟಸ್ಥ ದರಕ್ಕೆ ರಿಸರ್ವ್ ಬ್ಯಾಂಕಿನದೇ ಅಂದಾಜಿನ ಮೇಲಿನ ಗೆರೆಯಾದ 1.9ನ್ನೂ ದಾಟಿ. ಮಳೆ ಕೈಕೊಟ್ಟು ಅದು 5 ಆದರೆ ನೈಜ ಬಡ್ಡಿ ಕಾಲು ಶೇಕಡಾ ಮಾತ್ರ.